ಕೆವೈಸಿ ಮುಗಿದರೂ ಖಾತೆಗೆ ದುಡ್ಡು ಬರಲಿಲ್ಲ: ನಾನು ಬಿಡಿಸಿಕೊಂಡ ಬಗೆ

ನಾನು ಅನುವಾದದ ಕೆಲಸ ಮಾಡುತ್ತೇನೆ. ಒಂದು ದೊಡ್ಡ ಕೆಲಸ ಮುಗಿದಾಗ ನನ್ನ ಮಾಮೂಲಿ ತಿಂಗಳ ಗಳಿಕೆಯ ಆರು ಪಟ್ಟು ದುಡ್ಡು ಎರಡು ಕಂತಿನಲ್ಲಿ ಬರಬೇಕಿತ್ತು. ಮೊದಲ ಕಂತು ಬಂತು, ಎರಡನೆಯದು ಕಳಿಸಿದ ಕಂಪನಿಗೇ ವಾಪಸ್ ಹೋಯಿತು. ಬ್ಯಾಂಕಿನ ಆ್ಯಪ್ ತೆರೆದರೆ ‘ನಿಮ್ಮ ಕೆವೈಸಿ ಅಪ್‌ಡೇಟ್ ಮಾಡಿ’ ಅಂತ ಒಂದೇ ಸಾಲು.

ಶಾಖೆಗೆ ಹೋಗಿ ಗುರುತಿನ ಚೀಟಿ, ವಿಳಾಸದ ದಾಖಲೆ, ಹೊಸ ಫೋಟೋ ಎಲ್ಲ ಕೊಟ್ಟೆ. ಆ್ಯಪ್‌ನಲ್ಲಿ ಕೆವೈಸಿ ಪೂರ್ತಿಯಾಗಿದೆ ಅಂತಲೂ ಬಂತು. ಕಂಪನಿಯವರು ಮತ್ತೆ ಕಳಿಸಿದರು. ಮತ್ತೆ ವಾಪಸ್!

ಆಗ ನನಗೆ ದಾರಿ ತೋರಿಸಿದ್ದು ನನ್ನ ಬ್ಯಾಂಕ್ ಅಲ್ಲ, ಕಳಿಸಿದವರ ಬ್ಯಾಂಕ್. ಪೇಮೆಂಟ್ ವಾಪಸ್ ಹೋಗುವಾಗ ಅದರ ಜೊತೆ ಒಂದು ಕಾರಣದ ಕೋಡ್ ಹೋಗುತ್ತದೆ. ಈಗ ಹಲವು ದೇಶಗಳ ಬ್ಯಾಂಕುಗಳು ಬಳಸುವ `ISO 20022` ಪದ್ಧತಿಯಲ್ಲಿ `AC01` ಅಂದರೆ ಖಾತೆ ಸಂಖ್ಯೆ ತಪ್ಪು, `AC04` ಅಂದರೆ ಖಾತೆ ಮುಚ್ಚಿದೆ, `AC06` ಅಂದರೆ ಖಾತೆಗೆ ತಡೆ ಬಿದ್ದಿದೆ, `RR04` ಅಂದರೆ ನಿಯಮದ ಕಾರಣಕ್ಕೆ ತಿರಸ್ಕಾರ. ಎಲ್ಲ ಬ್ಯಾಂಕೂ ಕೋಡ್ ತೋರಿಸುವುದಿಲ್ಲ, ಕೆಲವು ಬರೀ ಮಾತಿನಲ್ಲಿ ಹೇಳುತ್ತವೆ. ಕಂಪನಿಯ ಲೆಕ್ಕ ನೋಡುವವರನ್ನು ಕೇಳಿದೆ, ವಾಪಸಾದ ಪೇಮೆಂಟಿನ ಸ್ಕ್ರೀನ್‌ಶಾಟ್ ಕಳಿಸಿದರು. ಅದರಲ್ಲಿ `AC06` ಇತ್ತು. ಅಂದರೆ ತೊಂದರೆ ಖಾತೆ ಸಂಖ್ಯೆಯದ್ದಲ್ಲ, ತಡೆ ಇರುವುದು ನನ್ನ ಬ್ಯಾಂಕಿನ ಒಳಗೆ, ಮತ್ತು ಕೆವೈಸಿ ಆದಮೇಲೂ ಅದು ಹೋಗಿಲ್ಲ.

ಆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಶಾಖೆಯಲ್ಲಿ ನೇರವಾಗಿ ಕೇಳಿದೆ: ‘ಸರ್, ನನ್ನ ಖಾತೆಯ ಮೇಲೆ ಎಷ್ಟು ತಡೆ ಇದೆ? ಡೆಬಿಟ್‌ಗಾ, ಕ್ರೆಡಿಟ್‌ಗಾ, ಎರಡಕ್ಕೂನಾ? ಯಾವ ವಿಭಾಗ ಹಾಕಿದ್ದು?’ ಅವರು ಸಿಸ್ಟಮ್‌ನಲ್ಲಿ ನೋಡಿ ಹೇಳಿದರು, ತಡೆ ಒಂದಲ್ಲ, ಎರಡು ಇತ್ತು. ಕೆವೈಸಿ ಅವಧಿ ಮುಗಿದದ್ದಕ್ಕೆ ಬಿದ್ದದ್ದನ್ನು ಶಾಖೆಯೇ ತೆಗೆದಿತ್ತು. ಇನ್ನೊಂದನ್ನು ವಹಿವಾಟು ಪರಿಶೀಲಿಸುವ ವಿಭಾಗ ಹಾಕಿತ್ತು, ಅದನ್ನು ತೆಗೆಯುವ ಅಧಿಕಾರ ಶಾಖೆಗೆ ಇಲ್ಲ. ಈ ಪ್ರಶ್ನೆ ಕೇಳದೆ ಸುಮ್ನೆ ‘ಖಾತೆ ಬ್ಲಾಕ್ ಆಗಿದೆ’ ಅಂದರೆ ಮತ್ತೆ ಅದೇ ಕೆವೈಸಿ ಫಾರಂ ಕೈಗೆ ಬರುತ್ತದೆ.

ಯಾಕೆ ಬಿತ್ತು ಅಂತ ಅವರು ಪೂರ್ತಿ ಹೇಳಲಿಲ್ಲ. ಅದರಲ್ಲಿ ಶಾಖೆಯವರನ್ನು ದೂರುವುದು ಸರಿಯಲ್ಲ. ಸಂಶಯದ ವಹಿವಾಟಿನ ವರದಿ ಹೋಗಿದ್ದರೆ ಅದನ್ನು ಗ್ರಾಹಕರಿಗೆ ಹೇಳಬಾರದು ಎಂಬುದು ಅಕ್ರಮ ಹಣದ ವಹಿವಾಟು ತಡೆಯಲು 1989ರಲ್ಲಿ ಶುರುವಾದ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್‌ನ ಶಿಫಾರಸುಗಳಲ್ಲೇ ಇದೆ. ಹಾಗಾಗಿ ‘ಕಾರಣ ಹೇಳಿ’ ಅಂತ ಜಗಳ ಮಾಡುವ ಬದಲು ‘ಯಾವ ದಾಖಲೆ ಬೇಕು’ ಅಂತ ಬರಹದಲ್ಲಿ ಕೇಳಿ, ದೂರಿನ ಸಂಖ್ಯೆ ತಗೊಂಡೆ.

ಕಾರಣ ಊಹಿಸುವುದು ಕಷ್ಟವೂ ಇರಲಿಲ್ಲ. ನಾನು ಓದುವಾಗ ತೆರೆದ ಖಾತೆ ಅದು. ಬ್ಯಾಂಕಿನ ದಾಖಲೆಯಲ್ಲಿ ಉದ್ಯೋಗ ಇನ್ನೂ ‘ವಿದ್ಯಾರ್ಥಿ’, ಆದಾಯ ತೀರಾ ಕಡಿಮೆ. ಅಂಥ ಖಾತೆಗೆ ಹೊಸ ಕಂಪನಿಯಿಂದ ಒಮ್ಮೆಲೇ ದೊಡ್ಡ ಮೊತ್ತ ಬಂದರೆ ಸಿಸ್ಟಮ್ ತಡೆಯದೆ ಇರುತ್ತಾ? ಕೆವೈಸಿ ಅಂದರೆ ಬರೀ ವಿಳಾಸ, ಫೋಟೋ ಅಲ್ಲ. ಉದ್ಯೋಗ, ಆದಾಯ, ದುಡ್ಡು ಎಲ್ಲಿಂದ ಬರುತ್ತದೆ ಎಂಬುದೂ ಅದರಲ್ಲೇ ಸೇರಿದೆ. ಮೊದಲು ಉದ್ಯೋಗ, ಆದಾಯ ಈ ಎರಡು ಕಾಲಂ ಬದಲಾಯಿಸಲು ಬರೆದುಕೊಟ್ಟೆ.

ಆಮೇಲೆ ಪರಿಶೀಲಿಸುವ ವಿಭಾಗಕ್ಕೆ ಕೊಡಲು ಒಂದು ಪುಟದ ಪಟ್ಟಿ ಮಾಡಿದೆ. ಪ್ರತಿ ಸಾಲಿನಲ್ಲೂ ತಾರೀಖು, ಮೊತ್ತ, ಕಳಿಸಿದವರ ಹೆಸರು, ಬಿಲ್ ನಂಬರ್, ಯಾವ ಕೆಲಸ. ಆ ಪುಟದ ಹಿಂದೆ ಕರಾರು ಪತ್ರ ಮತ್ತು ಬಿಲ್‌ಗಳನ್ನು ಅದೇ ಕ್ರಮದಲ್ಲಿ ಜೋಡಿಸಿದೆ. ಬಿಲ್ಲಿನ ಮೊತ್ತಕ್ಕೂ ಖಾತೆಗೆ ಬಂದ ಮೊತ್ತಕ್ಕೂ ಸ್ವಲ್ಪ ವ್ಯತ್ಯಾಸ ಇತ್ತು, ಅದು ಕಳಿಸುವಾಗ ಮುರಿದುಕೊಂಡ ಶುಲ್ಕ ಅಂತ ಪಕ್ಕದಲ್ಲೇ ಬರೆದೆ. ಪರಿಶೀಲಿಸುವವರು ಮತ್ತೆ ಪತ್ರ ಬರೆದು ಕೇಳುವುದು ಇಂಥ ಸಣ್ಣ ಗ್ಯಾಪ್‌ಗಳನ್ನೇ.

ಈ ನಡುವೆ ಕಂಪನಿಯವರು ‘ಸಣ್ಣ ಸಣ್ಣ ಭಾಗ ಮಾಡಿ ಕಳಿಸೋಣವಾ, ಇಲ್ಲ ನಿಮ್ಮ ಗೆಳೆಯರ ಖಾತೆಗೆ ಹಾಕೋಣವಾ’ ಅಂತ ಕೇಳಿದರು. ಎರಡೂ ಬೇಡ ಅಂದೆ. ಮೊತ್ತ ಒಡೆದು ಕಳಿಸುವುದು, ಬೇರೆಯವರ ಖಾತೆ ಬಳಸುವುದು, ಪರಿಶೀಲನೆಯವರು ಹುಡುಕುವುದೇ ಇವನ್ನು. ಗೆಳೆಯರ ಖಾತೆಗೂ ತಡೆ ಬೀಳಬಹುದು ಅಲ್ವಾ?

ತಡೆ ತೆಗೆದಿದ್ದೇವೆ ಅಂತ ಮೆಸೇಜ್ ಬಂದಮೇಲೂ ಪೂರ್ತಿ ಮೊತ್ತ ಕಳಿಸಲು ಹೇಳಲಿಲ್ಲ. ಮೊದಲು ಸಣ್ಣ ಮೊತ್ತ ಹಾಕಿಸಿ, ಅದು ಖಾತೆಯಲ್ಲಿ ನಿಂತಮೇಲೆ ಉಳಿದದ್ದನ್ನು ಬಿಲ್ ನಂಬರ್ ಸಮೇತ ಕಳಿಸಲು ಹೇಳಿದೆ. ಬಂತು. ಒಂದು ಮಾತ್ರ ಉಳಿದಿತ್ತು. ತಡೆ ಇದ್ದಾಗ ಆನ್‌ಲೈನ್ ಅಂಗಡಿಯಿಂದ ಬರಬೇಕಿದ್ದ ರೀಫಂಡ್ ಕೂಡ ವಾಪಸ್ ಹೋಗಿತ್ತು, ಅವರ ಲೆಕ್ಕದಲ್ಲಿ ಮಾತ್ರ ‘ಪಾವತಿಯಾಗಿದೆ’ ಅಂತಲೇ ಇತ್ತು. ಅಂಥವು ತಾವಾಗಿಯೇ ಮತ್ತೆ ಬರುತ್ತವೆ ಅಂತ ಕಾಯಬೇಡಿ. ಪೇಮೆಂಟಿನ ರೆಫರೆನ್ಸ್ ನಂಬರ್ ಕೊಟ್ಟು, ಮತ್ತೆ ಕಳಿಸಿ ಅಂತ ಒಬ್ಬೊಬ್ಬರನ್ನೂ ಕೇಳಬೇಕು.