ವಿನೀತಾ ಶರ್ಮಾ ತೀರ್ಪಿಗೆ ನಾನು ಕೇಸ್ ಕಾಮೆಂಟ್ ಬರೆದ ಬಗೆ

ಧಾರವಾಡ, ಗದಗ, ಹಾವೇರಿ ಕಡೆ ಹೆಣ್ಣುಮಕ್ಕಳು ಪಿತ್ರಾರ್ಜಿತ ಆಸ್ತಿಯ ಪಾಲು ಕೇಳಿ ಹೂಡುವ ವಾಟ್ನಿ ದಾವೆಗಳಿಗೆ ಇವತ್ತು ಆಧಾರ ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ತೀರ್ಪು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಕೊಟ್ಟಿತು. ತೀರ್ಪು ನೂರಕ್ಕೂ ಹೆಚ್ಚು ಪುಟ ಇದೆ, ಅದನ್ನು ವಿಮರ್ಶಿಸಿ ನಾನು ಬರೆದ ಕಾಮೆಂಟ್ ಸುಮಾರು ಎರಡು ಸಾವಿರ ಪದ. ಸಂಗತಿಗಳಿಗೆ 250, ಪ್ರಶ್ನೆ ಮತ್ತು ಹಿಂದಿನ ಕಾನೂನಿಗೆ 350, ಕೋರ್ಟಿನ ತರ್ಕಕ್ಕೆ 600, ಉಳಿದದ್ದೆಲ್ಲ ವಿಮರ್ಶೆಗೆ ಎಂದು ಮೊದಲೇ ಅಳತೆ ಹಾಕಿಕೊಂಡೆ. ಹಾಗೆ ಮಾಡದಿದ್ದರೆ ಸಾರಾಂಶವೇ ಮುಕ್ಕಾಲು ಭಾಗ ತಿಂದುಬಿಡುತ್ತದೆ.

ಓದುವುದನ್ನು ಕೊನೆಯಿಂದ ಶುರು ಮಾಡಿದೆ. ಕೋರ್ಟು ಕೊಟ್ಟ ಉತ್ತರಗಳೆಲ್ಲ 129ನೇ ಪ್ಯಾರಾದಲ್ಲಿವೆ. ಉತ್ತರ ತಿಳಿದುಕೊಂಡು ಮೇಲಕ್ಕೆ ಹೋದರೆ, ನಡುವಿನ ಯಾವ ಪ್ಯಾರಾ ಆ ಉತ್ತರವನ್ನು ಹೊತ್ತಿದೆ, ಯಾವುದು ಬರೀ ವಕೀಲರ ವಾದದ ದಾಖಲೆ ಎಂದು ಗೊತ್ತಾಗುತ್ತದೆ. ಪ್ರತಿ ಪ್ಯಾರಾದ ಪಕ್ಕ ‘ವಾ’ (ವಾದ), ‘ಹಿ’ (ಹಿಂದಿನ ತೀರ್ಪು), ‘ಕೋ’ (ಕೋರ್ಟಿನ ಸ್ವಂತ ಮಾತು) ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ. ಕೇಂದ್ರ ಸರ್ಕಾರದ ಪರ ವಕೀಲರು ಹೇಳಿದ್ದನ್ನೇ ಕೋರ್ಟು ಹೇಳಿತೆಂದು ಬರೆದುಬಿಡುವುದು ಇಂಥ ಉದ್ದದ ತೀರ್ಪಿನಲ್ಲಿ ತೀರಾ ಸುಲಭವಾಗಿ ಆಗುವ ತಪ್ಪು. ತೀರ್ಪಿನ ಮೊದಲಿಗೆ ಅಚ್ಚಾಗುವ ಸಾರಾಂಶವಾದ ಹೆಡ್‌ನೋಟನ್ನು ಕಾಮೆಂಟ್ ಮುಗಿಯುವವರೆಗೂ ಓದಲಿಲ್ಲ. ಅದು ಸಂಪಾದಕರ ಬರಹ, ನ್ಯಾಯಮೂರ್ತಿಗಳದ್ದಲ್ಲ.

ಸಂಗತಿಗಳ ಭಾಗದಲ್ಲಿ ಒಂದು ತೊಡಕಿತ್ತು. ಇದು ವಿಶಾಲ ಪೀಠಕ್ಕೆ ಒಪ್ಪಿಸಿದ ಪ್ರಶ್ನೆಗೆ ಕೊಟ್ಟ ಉತ್ತರ. ಹಾಗಾಗಿ ವಿನೀತಾ ಅವರ ಮನೆಯ ಸಂಗತಿ ಅದರಲ್ಲಿ ಅಷ್ಟಕ್ಕಷ್ಟೆ. ಪ್ರಶ್ನೆ ಹುಟ್ಟಿದ್ದು ಎರಡು ಹಳೆಯ ತೀರ್ಪುಗಳ ತಿಕ್ಕಾಟದಿಂದ, ಅವೆರಡೂ ಕರ್ನಾಟಕದಿಂದ ಹೋದವು. ಆದ್ದರಿಂದ ಮೂರೂ ಪ್ರಕರಣಗಳಲ್ಲಿ ತಂದೆ ತೀರಿದ ಕಾಲವನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ: ಫೂಲವತಿ ಪ್ರಕರಣದಲ್ಲಿ 1988, ದಾನಮ್ಮ ಪ್ರಕರಣದಲ್ಲಿ 2001, ವಿನೀತಾ ಪ್ರಕರಣದಲ್ಲಿ 1999ರ ಡಿಸೆಂಬರ್. ಮೂರೂ ಸಾವು 2005ರ ಸೆಪ್ಟೆಂಬರ್ 9ಕ್ಕಿಂತ ಹಿಂದಿನವು. ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಂ ತಿದ್ದುಪಡಿಯಾಗಿ ಮಗಳಿಗೆ ಹುಟ್ಟಿನಿಂದಲೇ ಸಹದಾಯಾದಿ ಹಕ್ಕು, ಅಂದರೆ ಒಟ್ಟು ಕುಟುಂಬದ ಆಸ್ತಿಯಲ್ಲಿ ಪಾಲುಗಾರಳ ಹಕ್ಕು, ಬಂದದ್ದು ಆ ದಿನ. ಫೂಲವತಿ ಪೀಠ, ಆ ದಿನ ತಂದೆ ಬದುಕಿರಬೇಕು ಎಂದಿತು. ದಾನಮ್ಮ ಪೀಠ ಆ ಮಾತನ್ನು ಒಪ್ಪಿಕೊಂಡೇ, ತಂದೆ ಸತ್ತಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠಗಳು. ಈ ಹಾಳೆ ಮುಗಿದಾಗ ಕಾನೂನಿನ ಪ್ರಶ್ನೆ ಒಂದೇ ಸಾಲಿಗೆ ಇಳಿಯಿತು: ತಂದೆ 2005ಕ್ಕೆ ಮೊದಲೇ ತೀರಿದ್ದರೆ ಮಗಳು ಸಹದಾಯಾದಿಯೋ ಅಲ್ಲವೋ?

ಕೋರ್ಟಿನ ಉತ್ತರ ಹೌದು. ಅದರ ಹಿಂದಿನ ತರ್ಕವನ್ನು ಸರಪಳಿಯ ಕೊಂಡಿಗಳಂತೆ ಬಿಡಿಸಿದೆ. ಒಂದನೆಯದು, ಕಲಂ 6 ಮಗಳಿಗೆ ಮಗನಂತೆಯೇ ಹುಟ್ಟಿನಿಂದ ಹಕ್ಕು ಎನ್ನುತ್ತದೆ. ಎರಡನೆಯದು, ಹುಟ್ಟಿನಿಂದ ಬರುವ ಹಕ್ಕು ಹಿಂದೂ ಕಾನೂನಿನ ಮಿತಾಕ್ಷರ ಪಂಥದ ಅಪ್ರತಿಬಂಧ ದಾಯ. ಅದು ಯಾರ ಸಾವಿಗೂ ಕಾಯುವುದಿಲ್ಲ, ಹಾಗಾಗಿ ತಂದೆ ಬದುಕಿರಲೇಬೇಕೆಂಬ ಷರತ್ತಿಗೆ ಅಲ್ಲಿ ಜಾಗವಿಲ್ಲ. ಮೂರನೆಯದು, ಹಳೆಯ ಕಲಮಿನ ಕಾಲ್ಪನಿಕ ವಿಭಾಗ ಸತ್ತವನ ಪಾಲು ಎಷ್ಟೆಂದು ಲೆಕ್ಕ ಹಾಕುವುದಕ್ಕಷ್ಟೆ, ಅದರಿಂದ ಕುಟುಂಬ ನಿಜಕ್ಕೂ ಒಡೆಯುವುದಿಲ್ಲ. ನಾಲ್ಕನೆಯದು, 2004ರ ಡಿಸೆಂಬರ್ 20ಕ್ಕೆ ಮೊದಲು ಆದ ವಿಭಾಗ, ಪರಭಾರೆಗಳಿಗೆ ಧಕ್ಕೆಯಿಲ್ಲ. ಆದರೆ ಕಲಮಿಗೆ ಸೇರಿಸಿದ ವಿವರಣೆಯ ಪ್ರಕಾರ ವಿಭಾಗ ಎಂದರೆ ನೋಂದಾಯಿತ ಪತ್ರ ಇಲ್ಲವೇ ಕೋರ್ಟ್ ಡಿಕ್ರಿ. ಬಾಯಿಮಾತಿನ ವಾಟ್ನಿಯನ್ನು ಸಾಮಾನ್ಯವಾಗಿ ಒಪ್ಪುವಂತಿಲ್ಲ. ಸಾರ್ವಜನಿಕ ದಾಖಲೆಗಳ ಬೆಂಬಲವಿದ್ದು, ಡಿಕ್ರಿಯಿಂದಲೇ ಆದಷ್ಟು ಖಚಿತವಾಗಿ ಸಾಬೀತಾದರೆ ಮಾತ್ರ ಅಪವಾದ.

ವಿಮರ್ಶೆಗೆ ಇಳಿಯುವ ಮೊದಲು ಯಾವ ಕೊಂಡಿ ಗಟ್ಟಿ, ಯಾವುದು ಸಡಿಲ ಎಂದು ನೋಡಬೇಕು. ‘ಈ ತೀರ್ಪು ಸ್ವಾಗತಾರ್ಹ’ ಎಂಬ ಸಾಲು ವಿಮರ್ಶೆ ಅಲ್ಲ, ಏಕೆಂದರೆ ಅದು ಯಾವ ಕೊಂಡಿಯನ್ನೂ ಮುಟ್ಟುವುದಿಲ್ಲ. ನನಗೆ ಮೊದಲ ಎರಡು ಗಟ್ಟಿ ಎನಿಸಿದವು. ನಾಲ್ಕನೆಯದು ನಮ್ಮ ಕಡೆಯ ಜಮೀನಿಗೆ ನೇರವಾಗಿ ತಾಕುತ್ತದೆ, ಸಡಿಲ ಇರುವುದೂ ಅಲ್ಲೇ. ಅದಕ್ಕೆ ಒಂದು ಕಲ್ಪಿತ ಲೆಕ್ಕ ಇಟ್ಟು ಪರೀಕ್ಷಿಸಿದೆ.

ನವಲಗುಂದ ಕಡೆಯ ಒಂದು ಮನೆ, 12 ಎಕರೆ ಪಿತ್ರಾರ್ಜಿತ ಎರಿಹೊಲ. ತಂದೆ, ಇಬ್ಬರು ಗಂಡುಮಕ್ಕಳು, 1990ರಲ್ಲಿ ಮದುವೆಯಾದ ಒಬ್ಬ ಮಗಳು. ತಾಯಿ ಮೊದಲೇ ತೀರಿದ್ದಾಳೆ. 1996ರಲ್ಲಿ ತಂದೆ ಮತ್ತು ಗಂಡುಮಕ್ಕಳು ಬಾಯಿಮಾತಿನಲ್ಲಿ ತಲಾ 4 ಎಕರೆ ಹಂಚಿಕೊಂಡು ತಲಾಟಿಗೆ ವರದಿ ಕೊಟ್ಟರು, ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಬೇರೆಬೇರೆಯಾದವು. 1998ರಲ್ಲಿ ತಂದೆ ಮೃತ್ಯುಪತ್ರ ಬರೆಯದೆ ತೀರಿದರು. 2021ರಲ್ಲಿ ಮಗಳು ದಾವೆ ಹೂಡಿದಳು. ಮದುವೆಯ ವರ್ಷವನ್ನು 1990 ಎಂದು ಬೇಕೆಂದೇ ಇಟ್ಟೆ. 1994ರ ಜುಲೈ 30ರಿಂದ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ, ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. ಹಾಗಾಗಿ ಈ ಮಗಳಿಗೆ ಉಳಿದ ದಾರಿ 2005ರ ಕೇಂದ್ರದ ತಿದ್ದುಪಡಿ ಮಾತ್ರ.

ವಾಟ್ನಿಯನ್ನು ಕೋರ್ಟು ಒಪ್ಪದಿದ್ದರೆ ಆಸ್ತಿ ಇನ್ನೂ ಒಟ್ಟಿನದು, ಮೂವರು ಮಕ್ಕಳೂ ಸಮಾನರು, ಮಗಳಿಗೆ 4 ಎಕರೆ. ಒಪ್ಪಿದರೆ ಅವಳಿಗೆ ಸಿಗುವುದು ತಂದೆಯ 4 ಎಕರೆಯ ಮೂರನೇ ಒಂದು ಪಾಲು, ಅಂದರೆ 1 ಎಕರೆ 13 ಗುಂಟೆ ಚಿಲ್ಲರೆ. ಫೂಲವತಿ ತೀರ್ಪಿನ ಪ್ರಕಾರ ಲೆಕ್ಕ ಹಾಕಿದರೂ ಬರುವುದು ಇಷ್ಟೇ. ಅಂದರೆ ಹಳೆಯ ತೀರ್ಪನ್ನು ರದ್ದುಮಾಡಿ ಮಗಳಿಗೆ ಕೊಟ್ಟದ್ದೆಲ್ಲ, ವಾಟ್ನಿಯ ಅಪವಾದವನ್ನು ಸಡಿಲವಾಗಿ ಓದಿದರೆ ಪೂರ್ತಿ ಕೈಬಿಟ್ಟು ಹೋಗುತ್ತದೆ. ಇಷ್ಟು ತೂಕದ ಅಪವಾದಕ್ಕೆ ‘ಸಾರ್ವಜನಿಕ ದಾಖಲೆ’ ಎಂಬ ಮಾತಿನಾಚೆ ಸ್ಪಷ್ಟ ಅಳತೆಗೋಲು ತೀರ್ಪಿನಲ್ಲಿಲ್ಲ. ನನ್ನ ಮುಖ್ಯ ಆಕ್ಷೇಪ ಇದು. ಕಲಮಿನ ವಿವರಣೆಯಲ್ಲಿ ಇಲ್ಲದ ಅಪವಾದವನ್ನು ಕೋರ್ಟು ತಾನೇ ಸೇರಿಸಿತು, ಸೇರಿಸಿದ ಮೇಲೆ ಗಡಿ ಹಾಕಬೇಕಿತ್ತು.

ಎದುರು ವಾದವನ್ನೂ ಅದರ ಪೂರ್ಣ ಬಲದಲ್ಲಿ ಬರೆದೆ. 1996ರಲ್ಲಿ ವಾಟ್ನಿಗೆ ಲಿಖಿತ ಪತ್ರವೇ ಬೇಕೆಂದು ಕಾನೂನು ಕೇಳುತ್ತಿರಲಿಲ್ಲ. ಆಗ ಸರಿಯಾಗಿದ್ದ ರೀತಿಯನ್ನು 2005ರ ವಿವರಣೆ ಹಿಂದಕ್ಕೆ ಹೋಗಿ ತಪ್ಪೆನ್ನುವುದು ನಿಜವಾಗಿ ಬೇರೆಯಾಗಿ ಬದುಕಿದ ಅಣ್ಣತಮ್ಮಂದಿರಿಗೆ ಅನ್ಯಾಯ. ಅಪವಾದ ಹುಟ್ಟಿದ್ದು ಇದಕ್ಕೇ ಇರಬೇಕು. ಆದರೆ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಉತಾರದ ನಮೂದು ತಪ್ಪೆಂದು ಸಾಬೀತಾಗುವವರೆಗೆ ಮಾತ್ರ ನಿಜ, ಅದು ಮಾಲ್ಕಿಯ ಪತ್ರ ಅಲ್ಲ. ಮೇಲಾಗಿ ವರದಿ ಕೊಡುವಾಗ ಮಗಳನ್ನು ಕೇಳುವ ಪದ್ಧತಿ ಇರಲಿಲ್ಲ. ಆದ್ದರಿಂದ ವರದಿಯೊಂದೇ ಸಾಲದು, ವಾಟ್ನಿಯಾದ ಕಾಲದಲ್ಲೇ ಬಿದ್ದ ನಮೂದು, ಬೇರೆಬೇರೆ ಬೆಳೆಸಾಲ, ಪ್ರತ್ಯೇಕ ಸಾಗುವಳಿ, ಈ ಮೂರೂ ಕೂಡಿ ಬರಬೇಕು ಎಂಬ ಅಳತೆಯನ್ನು ಕಾಮೆಂಟಿನಲ್ಲಿ ಮುಂದಿಟ್ಟೆ. ಇದು ನನ್ನ ಸಲಹೆ ಎಂದು ಸ್ಪಷ್ಟವಾಗಿ ಬರೆದೆ, ಕೋರ್ಟಿನ ಮಾತಿನೊಂದಿಗೆ ಬೆರೆಯಬಾರದಲ್ಲ.

ಬರೆದು ಮುಗಿದ ಮೇಲೆ ಎರಡು ತಪಾಸಣೆ ಮಾಡಿದೆ. ಉಲ್ಲೇಖಿಸಿದ ಪ್ರತಿ ಪ್ಯಾರಾ ಸಂಖ್ಯೆಯನ್ನು ಒಂದೇ ಪ್ರತಿಯೊಂದಿಗೆ ಹೋಲಿಸಿದೆ, ಏಕೆಂದರೆ ವರದಿ ಸಂಪುಟಗಳಲ್ಲಿ ಸಂಖ್ಯೆ ಒಂದಕ್ಕೊಂದು ಬೇರೆಯಾಗುವುದುಂಟು. ಹಳೆಯ ತೀರ್ಪುಗಳ ಸ್ಥಿತಿಯನ್ನೂ ನೋಡಿದೆ. ಫೂಲವತಿ ರದ್ದಾಗಿದೆ, ದಾನಮ್ಮ ಈ ತೀರ್ಪಿಗೆ ವಿರುದ್ಧವಾದಷ್ಟು ಭಾಗದಲ್ಲಿ ಮಾತ್ರ ರದ್ದಾಗಿದೆ. ನನ್ನ ಮೊದಲ ಕರಡಿನಲ್ಲಿ ‘ಎರಡೂ ರದ್ದು’ ಎಂದಿತ್ತು. ಒಂದೇ ಪದದಲ್ಲಿ ಮುಗಿಸಲು ಹೋದ ಆ ಸಾಲನ್ನು ಬಿಡಿಸಿ ಎರಡು ವಾಕ್ಯ ಮಾಡಿದೆ.