ಕಳೆಯುವ ಲೆಕ್ಕದ ತಪ್ಪು ಎಲ್ಲಿಂದ ಬಂತೆಂದು ಹುಡುಕಿ

ಮಗು ಮುಗಿಸಿದ ಅಭ್ಯಾಸ ಹಾಳೆಯಲ್ಲಿ ತಪ್ಪುಗಳನ್ನು ಎಣಿಸುವ ಮೊದಲು, ಆ ತಪ್ಪು ಉತ್ತರ ಹೇಗೆ ಬಂತೆಂದು ನೀವೇ ಮಾಡಿ ನೋಡಿ.

85−32=53 ಸರಿಯಾಗಿದೆ, ಆದರೆ 52−38ಕ್ಕೆ 26 ಎಂದು ಬರೆದಿದೆ ಎಂದುಕೊಳ್ಳಿ. ಬಿಡಿ ಸ್ಥಾನದಲ್ಲಿ 2ರಿಂದ 8 ಕಳೆಯಲಾಗದೆ, ಮಗು 8ರಿಂದ 2 ಕಳೆದಿದೆ. ಉತ್ತರ 24 ಆಗಿದ್ದರೆ ಕಾರಣ ಬೇರೆ: ಹತ್ತನ್ನು ಪಡೆದಿದೆ, ಆದರೆ ಹತ್ತರ ಸ್ಥಾನದ 5ನ್ನು 4 ಮಾಡಲು ಮರೆತಿದೆ. ಮೊದಲನೆಯದು ತಿಳಿವಳಿಕೆಯ ಕೊರತೆ, ಎರಡನೆಯದು ಸಾಮಾನ್ಯವಾಗಿ ಮರೆವು.

ಇಲ್ಲಿ ಎಚ್ಚರ ಬೇಕು. 71−46ಕ್ಕೆ 35 ಬಂದಿದ್ದರೆ ಯಾವ ತಪ್ಪೆಂದು ಹೇಳಲಾಗದು, ಏಕೆಂದರೆ ಬಿಡಿ ಅಂಕಿಗಳ ವ್ಯತ್ಯಾಸ 5 ಇದ್ದಾಗ ಎರಡು ದಾರಿಯೂ ಒಂದೇ ಉತ್ತರಕ್ಕೆ ತಲುಪುತ್ತವೆ. ಅನುಮಾನವಿದ್ದರೆ 62−38 ಕೊಡಿ. 36 ಬಂದರೆ ಮೊದಲನೆಯ ತಪ್ಪು, 34 ಬಂದರೆ ಎರಡನೆಯದು. ಮಾಡುವಾಗ ಬಾಯಿಬಿಟ್ಟು ಹೇಳುತ್ತಾ ಹೋಗಲು ಹೇಳಿದರೆ ಇನ್ನೂ ಖಚಿತವಾಗುತ್ತದೆ.

ಇಡೀ ಹಾಳೆಯನ್ನು ಮತ್ತೆ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ; ತಪ್ಪು ಕ್ರಮವೇ ರೂಢಿಯಾಗುತ್ತದೆ. ಮೊದಲನೆಯ ತಪ್ಪಿಗೆ ಕಡ್ಡಿಗಳ ಹತ್ತರ ಕಟ್ಟುಗಳನ್ನು ಕೊಡಿ. 52 ಎಂದರೆ ಐದು ಕಟ್ಟು, ಎರಡು ಬಿಡಿ. ಒಂದು ಕಟ್ಟು ಬಿಚ್ಚಿದರೆ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಅದರಿಂದ 38 ತೆಗೆದರೆ ಉಳಿಯುವುದು 14. ಎರಡನೆಯ ತಪ್ಪಿಗೆ, ಹತ್ತರ ಅಂಕಿಯನ್ನು ಹೊಡೆದು ಹೊಸದನ್ನು ಮೇಲೆ ಬರೆದ ನಂತರವೇ ಕಳೆಯುವ ಅಭ್ಯಾಸ ಸಾಕು.

ಐದಾರು ಲೆಕ್ಕ ಕೊಟ್ಟರೆ ಸಾಕು, ಅವುಗಳ ನಡುವೆ 67−24ರಂಥದ್ದೂ ಇರಲಿ. ಇಲ್ಲದಿದ್ದರೆ ಮಗು ಅಗತ್ಯವಿಲ್ಲದ ಕಡೆಯೂ ಕಟ್ಟು ಬಿಚ್ಚುತ್ತದೆ. 403−167ರಂತೆ ನಡುವೆ ಸೊನ್ನೆ ಇರುವವು ಆಮೇಲೆ ಬರಲಿ.