ಏಳು ಕಾಫಿ ಬೀಜದ ಕಥೆಯನ್ನು ಕನ್ನಡ ವಿಕಿಪೀಡಿಯಕ್ಕೆ ತರುವುದು ಹೇಗೆ?

ಬಾಬಾ ಬುಡನ್ ಯೆಮನ್ ಕಡೆಯಿಂದ ಏಳು ಕಾಫಿ ಬೀಜ ತಂದು ಗಿರಿಯಲ್ಲಿ ಬಿತ್ತಿದರಂತೆ. ಚಿಕ್ಕಮಗಳೂರಿನಲ್ಲಿ ಈ ಕಥೆ ಕೇಳದವರು ಯಾರಿದ್ದಾರೆ? ಇದನ್ನೇ ಇಂಗ್ಲಿಷ್ ವಿಕಿಪೀಡಿಯದಿಂದ ಅನುವಾದಿಸಲು ಕುಳಿತಿದ್ದೀರಿ ಎಂದುಕೊಳ್ಳಿ.

ಕನ್ನಡದಲ್ಲಿ ಈ ಲೇಖನ ಆಗಲೇ ಇದೆಯಾ ಅಂತ ಮೊದಲು ಹುಡುಕಿ. ಇದ್ದರೆ ಅದನ್ನೇ ಬೆಳೆಸಿ. ಇಲ್ಲದಿದ್ದರೆ ಲಾಗಿನ್ ಆಗಿ ನಿಮ್ಮ ಪ್ರಯೋಗಪುಟದಲ್ಲಿ ಶುರು ಮಾಡಿ.

‘1670ರಲ್ಲಿ ಏಳು ಬೀಜ ತಂದರು’ ಎಂಬ ವಾಕ್ಯ ಸಿಕ್ಕಿತು ಅನ್ನಿ. ಕೂಡಲೇ ಅನುವಾದಿಸಬೇಡಿ. ಅದರ ಪಕ್ಕದ ಉಲ್ಲೇಖ ತೆರೆದು ಮೂಲ ಪುಸ್ತಕದ ಆ ಪುಟ ಓದಿ. ಕೆಲವು ಪುಸ್ತಕಗಳಲ್ಲಿ ಸುಮಾರು 1600 ಎಂದಿದೆ, ಕೆಲವದರಲ್ಲಿ 1670. ಅದರ ಮೇಲೆ ಇದು ಐತಿಹ್ಯ ಬೇರೆ. ಹಾಗಾಗಿ ‘17ನೇ ಶತಮಾನದಲ್ಲಿ ತಂದರೆಂಬ ಐತಿಹ್ಯವಿದೆ, ವರ್ಷದ ಬಗ್ಗೆ ಮೂಲಗಳಲ್ಲಿ ಒಮ್ಮತವಿಲ್ಲ’ ಎಂದು ಬರೆದು, ಎರಡೂ ಕಡೆಯ ಪುಸ್ತಕಗಳನ್ನು ಉಲ್ಲೇಖಿಸಿ. ‘ನಮ್ಮ ಹೆಮ್ಮೆಯ’, ‘ಜಗತ್ಪ್ರಸಿದ್ಧ’ ಇವೆಲ್ಲ ಬೇಡ. ಗಿರಿಯ ದರ್ಗಾ, ದತ್ತಪೀಠದ ವಿಷಯ ಬಂದರೆ ಎರಡೂ ಹೆಸರು ಕೊಡಿ. ಯಾರು ಏನು ಹೇಳುತ್ತಾರೆ ಎಂಬುದನ್ನು ಅವರವರ ಮಾತಾಗಿಯೇ ಬರೆಯಿರಿ. ಇಲ್ಲಿ ತೀರ್ಪು ಕೊಡೋದು ನಮ್ಮ ಕೆಲಸ ಅಲ್ಲ.

ಜಾಸ್ತಿ ಜನ ಎಡವುವುದು ಉಲ್ಲೇಖದಲ್ಲಿ. ಒಂದು ವಿಭಾಗವನ್ನಷ್ಟೇ ನಕಲು ಮಾಡಿದಾಗ ಇಂಥ ತುಂಡು ಬರುತ್ತದೆ:

```
<ref name="coffee1" />
```

ಇದು ಬರೀ ಹೆಸರು. ಪುಸ್ತಕದ ವಿವರ ಇಂಗ್ಲಿಷ್ ಲೇಖನದ ಬೇರೆಲ್ಲೋ ಉಳಿದಿರುತ್ತದೆ. ಮುನ್ನೋಟ ನೋಡಿದರೆ ಪುಟದ ಕೆಳಗೆ ಕೆಂಪಕ್ಷರದಲ್ಲಿ ದೋಷ ಕಾಣುತ್ತದೆ. ಮೂಲ ಲೇಖನದ ಸಂಪಾದನೆ ತೆರೆದು, ಅದೇ ಹೆಸರು ಹುಡುಕಿ, ಪೂರ್ತಿ ಉಲ್ಲೇಖವನ್ನು ತಂದು ಹಾಕಿ. ಪುಸ್ತಕದ ಹೆಸರನ್ನು ಕನ್ನಡಿಸಬೇಡಿ, ಓದುಗರು ಅದನ್ನು ಹುಡುಕಬೇಕಲ್ವಾ? ಪುಸ್ತಕ ನಿಮಗೆ ಓದಲು ಸಿಗದಿದ್ದರೆ ಆ ಮಾತನ್ನು ಚರ್ಚೆ ಪುಟದಲ್ಲಿ ಹೇಳಿಬಿಡಿ.

ಪ್ರಕಟಿಸುವಾಗ ಸಂಪಾದನೆಯ ಸಾರಾಂಶದಲ್ಲಿ ಮೂಲ ಲೇಖನದ ಕೊಂಡಿ ಕೊಡಲೇಬೇಕು. ಅದನ್ನು ಬರೆದವರಿಗೆ ಹೆಸರು ಸಲ್ಲಬೇಕೆಂಬುದು ಪರವಾನಗಿಯ ಷರತ್ತು.

```
[[:en:Baba Budan]] ಲೇಖನದಿಂದ ಅನುವಾದ
```

ಆಮೇಲೆ ಅರಳಿ ಕಟ್ಟೆಯಲ್ಲಿ ಒಂದು ಮಾತು ಹಾಕಿ. ಸಮುದಾಯದವರು ಚರ್ಚೆ ಸೇರುವ ಪುಟ ಅದು. ‘ಸ್ವಲ್ಪ ನೋಡಿ’ ಎಂದರೆ ಯಾರೂ ನೋಡಲ್ಲ. ‘ವರ್ಷದ ವಾಕ್ಯ ಸರಿ ಇದೆಯೇ?’ ಎಂದು ಕೇಳಿದರೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ತೋಟದವರೊಬ್ಬರು ಬಂದು ‘ಬೀಜವನ್ನು ಗಡ್ಡದಲ್ಲಿ ಬಚ್ಚಿಟ್ಟು ತಂದರು, ನಮ್ಮಜ್ಜ ಹೇಳ್ತಿದ್ರು’ ಎನ್ನಬಹುದು. ಕಥೆ ಚೆನ್ನಾಗಿಯೇ ಇದೆ, ಆದರೆ ಅಚ್ಚಾದ ಆಧಾರ ಸಿಗುವವರೆಗೆ ಅದು ಚರ್ಚೆ ಪುಟದಲ್ಲೇ ಇರಲಿ.

ಪುಟವನ್ನು ನಿಮ್ಮ ವೀಕ್ಷಣಾಪಟ್ಟಿಗೆ ಸೇರಿಸಿಕೊಳ್ಳಿ. ಯಾರಾದರೂ ಆಧಾರ ಕೊಡದೆ ವರ್ಷ ಬದಲಿಸಿದರೆ ಒಮ್ಮೆ ರದ್ದು ಮಾಡಿ, ಕಾರಣ ಬರೆಯಿರಿ. ಮತ್ತೆ ಬದಲಿಸಿದರೆ ರದ್ದು ಮಾಡುತ್ತಾ ಕೂರಬೇಡಿ, ಅವರನ್ನು ಚರ್ಚೆ ಪುಟಕ್ಕೆ ಕರೆಯಿರಿ.